ಲೆಸನ್ ಸ್ಟಡಿ: ನಾಲ್ಕು ಜನ ಸೇರಿ ಒಂದೇ ಪಾಠ ಮಾಡೋದು ಹೇಗೆ? ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಸ್ಟರ್ ಸಭೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಬಸ್ಸಿಗೆ ಕಾಯುವಾಗ ಶಿಕ್ಷಕ ಗೆಳೆಯರು ಮತ್ತೆ ಮತ್ತೆ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆಗೆ ಬೇರೆ ಬೇರೆ ಪಾಠ ತೆಗೆದುಕೊಂಡಿಲ್ಲ. ನಮ್ಮ ಗುಂಪು ಮಾಡಿದ ಒಂದೇ ಪಾಠ, 3ನೇ ತರಗತಿಯ ಕಳೆಯುವ ಲೆಕ್ಕ, ಕೊನೆವರೆಗೂ ಬರುತ್ತದೆ.

ಲೆಸನ್ ಸ್ಟಡಿ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ಮೂರ್ನಾಲ್ಕು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ನಿಜವಾದ ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಅಲ್ಲೇ ಕೂತು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಎಲ್ಲರೂ ಕೂತು ನೋಡಿದ್ದನ್ನು ಮುಂದಿಟ್ಟುಕೊಂಡು ಪಾಠ ತಿದ್ದುತ್ತಾರೆ. ಬೇಕಾದರೆ ಇನ್ನೊಬ್ಬರು ಇನ್ನೊಂದು ತರಗತಿಯಲ್ಲಿ ಮತ್ತೆ ಮಾಡುತ್ತಾರೆ. ಅಷ್ಟೇ. ಕೇಳೋಕೆ ಸುಲಭ, ಆದರೆ ಪ್ರತಿ ಹಂತದಲ್ಲೂ ಹಳೆ ಅಭ್ಯಾಸ ಅಡ್ಡ ಬರುತ್ತದೆ, ಅದಕ್ಕೇ ಇಷ್ಟು ಪ್ರಶ್ನೆ.

ಇದು ಎಲ್ಲಿಂದ ಬಂತು?

ಜಪಾನಿನಿಂದ. ಅಲ್ಲಿ ಇದಕ್ಕೆ ಜುಗ್ಯೋ ಕೆಂಕ್ಯೂ ಅನ್ನುತ್ತಾರೆ. ಮೇಜಿ ಕಾಲದಲ್ಲಿ, ಅಂದರೆ 1870ರ ಆಸುಪಾಸಿನಲ್ಲಿ ಅಲ್ಲಿ ಹೊಸ ಶಾಲೆಗಳು, ಶಿಕ್ಷಕರ ತರಬೇತಿ ಶಾಲೆಗಳು ಶುರುವಾದವು. ಇಡೀ ತರಗತಿಗೆ ಒಟ್ಟಿಗೆ ಪಾಠ ಮಾಡುವ ರೀತಿಯೇ ಆಗ ಅವರಿಗೆ ಹೊಸದು. ಒಬ್ಬರ ಪಾಠ ಇನ್ನೊಬ್ಬರು ನೋಡಿ ಚರ್ಚಿಸುವ ರೂಢಿ ಆ ಕಾಲದಿಂದ ಬೆಳೆಯುತ್ತಾ ಬಂತು. ಈಗ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಇದು ವರ್ಷದ ಕೆಲಸದ ಭಾಗ. ಶಾಲೆಯೊಳಗೇ ನಡೆಯುವುದು ಜಾಸ್ತಿ. ಕೆಲವು ಕಡೆ ಬಾಗಿಲು ತೆರೆದು ದೊಡ್ಡದಾಗಿಯೂ ಮಾಡುತ್ತಾರೆ. ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಸೇರಿದ ಟೋಕಿಯೋದ ಪ್ರಾಥಮಿಕ ಶಾಲೆಯಲ್ಲಿ ಇಂಥ ಪಾಠ ನೋಡೋಕೆ ನೂರಾರು ಶಿಕ್ಷಕರು ಬರುತ್ತಾರೆ.

ಹೊರಗಿನ ಜಗತ್ತಿಗೆ ಇದು ಗೊತ್ತಾಗಿದ್ದು ತಡವಾಗಿ. ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು ಜರ್ಮನಿ, ಜಪಾನ್, ಅಮೆರಿಕದ 8ನೇ ತರಗತಿಯ ಗಣಿತ ಪಾಠಗಳ ವಿಡಿಯೋ ಹೋಲಿಸಿದ್ದರು. ಅದರ ಬಗ್ಗೆ 1999ರಲ್ಲಿ ಬರೆದ ಪುಸ್ತಕದಲ್ಲಿ ಜಪಾನಿನ ಈ ಪದ್ಧತಿಗೆ ಒಂದು ಅಧ್ಯಾಯ ಕೊಟ್ಟರು. ಆಮೇಲೆ ಬೇರೆ ದೇಶಗಳಲ್ಲಿ ಓಡತೊಡಗಿತು.

ಡೆಮೋ ಪಾಠಕ್ಕೂ ಇದಕ್ಕೂ ಏನು ವ್ಯತ್ಯಾಸ? ನಾವು ಬಿ.ಎಡ್‌ನಲ್ಲೇ ಮಾಡಿದ್ದೀವಲ್ಲ.

ಡೆಮೋ ಪಾಠದಲ್ಲಿ ಗೊತ್ತಿರುವವರು ಗೊತ್ತಿಲ್ಲದವರಿಗೆ ತೋರಿಸುತ್ತಾರೆ. ಪಾಠ ಮೊದಲೇ ಸರಿಯಾಗಿದೆ, ನೀವು ನೋಡಿ ಕಲಿಯಿರಿ ಅನ್ನುವ ಲೆಕ್ಕ. ಬಿ.ಎಡ್ ಪಾಠದಲ್ಲಿ ಹಿಂದೆ ಕೂತವರು ನಿಮಗೆ ಅಂಕ ಕೊಡುತ್ತಾರೆ: ಪೀಠಿಕೆ ಹೇಗಿತ್ತು, ಕಪ್ಪು ಹಲಗೆ ಬಳಸಿದರಾ, ಧ್ವನಿ ಕೊನೆ ಬೆಂಚಿಗೆ ಕೇಳಿತಾ. ಅಧಿಕಾರಿಗಳು ಬಂದು ನೋಡುವುದೂ ಹೆಚ್ಚುಕಡಿಮೆ ಅದೇ.

ಲೆಸನ್ ಸ್ಟಡಿಯಲ್ಲಿ ಪಾಠ ಹೇಗೆ ನಡೆಯುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿಲ್ಲ. ಗೊತ್ತಿದ್ದರೆ ಮಾಡುವ ಅಗತ್ಯವೂ ಇಲ್ಲ. ಮಕ್ಕಳು ಹೀಗೆ ಯೋಚಿಸಬಹುದು ಅಂತ ಗುಂಪು ಒಂದು ಊಹೆ ಕಟ್ಟಿರುತ್ತದೆ, ತರಗತಿಯಲ್ಲಿ ಅದು ನಿಲ್ಲುತ್ತಾ ಬೀಳುತ್ತಾ ಅಂತ ನೋಡುತ್ತದೆ. ಪರೀಕ್ಷೆಗೆ ಕೂತಿರುವುದು ಪಾಠ, ಶಿಕ್ಷಕಿ ಅಲ್ಲ.

ಎಷ್ಟು ಜನ ಬೇಕು? ನಮ್ಮದು ಇಬ್ಬರೇ ಇರೋ ಶಾಲೆ.

ಮೂರರಿಂದ ಆರು ಜನ ಸಾಕು. ಇಬ್ಬರೇ ಇರುವ ಶಾಲೆಯಾದರೆ ಅಕ್ಕಪಕ್ಕದ ಶಾಲೆಯವರನ್ನು ಸೇರಿಸಿಕೊಳ್ಳಲೇಬೇಕು, ಯಾಕೆಂದರೆ ಒಬ್ಬರು ಪಾಠ ಮಾಡಿದರೆ ನೋಡುವವರು ಒಬ್ಬರೇ ಉಳಿಯುತ್ತಾರೆ, ಒಬ್ಬರ ಕಣ್ಣಿಗೆ ಇಡೀ ತರಗತಿ ಬೀಳೋದಿಲ್ಲ. ನಾವು ಕ್ಲಸ್ಟರ್‌ನ ಮೂರು ಶಾಲೆಯಿಂದ ನಾಲ್ಕು ಜನ ಸೇರಿದ್ದೆವು. ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಮೊದಲೇ ಹೇಳಿ, ಸಮಾಲೋಚನಾ ಸಭೆಯ ದಿನವೇ ಬೆಳಿಗ್ಗೆ ಪಾಠ ಇಟ್ಟುಕೊಂಡೆವು. ಮಕ್ಕಳಿರುವ ಹೊತ್ತಲ್ಲಿ ಸಭೆ ಇಡಬೇಕಾಗುತ್ತದೆ, ಅದೊಂದೇ ಬದಲಾವಣೆ. ನೋಡಲು ಹೋದವರ ತರಗತಿಯನ್ನು ಆ ಒಂದು ಪೀರಿಯಡ್ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಹೆಚ್‌ಎಂ ಜೊತೆ ಮುಂಚೆಯೇ ಮಾತಾಡಿಕೊಳ್ಳಿ. ಅರ್ಧಕ್ಕರ್ಧ ಗುಂಪುಗಳು ಇಲ್ಲೇ ನಿಂತುಹೋಗುತ್ತವೆ.

ಸಮಯದ ಲೆಕ್ಕ ಹೀಗಿದೆ: ಯೋಜನೆಗೆ ಒಂದೊಂದು ಗಂಟೆಯ ಎರಡು ಮೂರು ಸಭೆ, ಪಾಠಕ್ಕೆ 40 ನಿಮಿಷ, ಅದೇ ದಿನ ಚರ್ಚೆಗೆ ಒಂದು ಗಂಟೆ. ಒಂದು ಸುತ್ತಿಗೆ ಮೂರ್ನಾಲ್ಕು ವಾರ ಇಟ್ಟುಕೊಳ್ಳಿ. ವರ್ಷಕ್ಕೆ ಒಂದೋ ಎರಡೋ ಸುತ್ತು ಮಾಡಿದರೆ ಬೇಕಾದಷ್ಟಾಯಿತು.

ಯಾವ ಪಾಠ ಆರಿಸಬೇಕು?

ಚೆನ್ನಾಗಿ ಬರುವ ಪಾಠ ಆರಿಸಬೇಡಿ. ಪ್ರತಿ ವರ್ಷವೂ ಎಲ್ಲರ ತರಗತಿಯಲ್ಲೂ ಮಕ್ಕಳು ಒಂದೇ ಜಾಗದಲ್ಲಿ ಎಡವುತ್ತಾರಲ್ಲ, ಆ ಜಾಗ ಹಿಡಿಯಿರಿ. ನಮ್ಮ ಗುಂಪಿನಲ್ಲಿ ಎಲ್ಲರೂ ಒಂದೇ ಉಸಿರಿಗೆ ಹೇಳಿದ್ದು ದಶಕ ಬಿಡಿಸಿ ಕಳೆಯುವ ಲೆಕ್ಕ. 2ನೇ ತರಗತಿಯಲ್ಲೇ ಬಂದಿರುತ್ತದೆ, ಮೂರಕ್ಕೆ ಬಂದ ಮೇಲೂ ಎಷ್ಟೋ ಮಕ್ಕಳು 42ರಲ್ಲಿ 17 ಕಳೆದು 35 ಅಂತ ಬರೆಯುತ್ತಾರೆ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದು 5 ಹಾಕುತ್ತಾರೆ. 4ರಲ್ಲಿ 1 ಹೋದರೆ 3. ಮುಗೀತು, 35.

ಇದು ಗಮನ ಇಲ್ಲದೆ ಆದ ತಪ್ಪಲ್ಲ ಅನ್ನುವುದನ್ನು ಗಮನಿಸಿ. ಮಗು ಒಂದು ನಿಯಮ ಇಟ್ಟುಕೊಂಡಿದೆ, ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ. ಆ ನಿಯಮ ಹೇಳಿಕೊಟ್ಟವರು ನಾವೇ, 1ನೇ ತರಗತಿಯಲ್ಲಿ.

ಒಂದು ಪಾಠದ ಯೋಜನೆಗೆ ಎರಡು ಮೂರು ಸಭೆ ಯಾಕೆ? ಅಷ್ಟು ಹೊತ್ತು ಏನು ಮಾತಾಡ್ತೀರಿ?

ಎಲ್ಲಕ್ಕಿಂತ ಜಾಸ್ತಿ ಸಲ ಬರುವ ಪ್ರಶ್ನೆ ಇದೇ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಜಪಾನಿನಲ್ಲಿ ಯೋಜನೆಗೆ ಮುಂಚೆ ಕ್ಯೋಜಾಯ್ ಕೆಂಕ್ಯೂ ಅಂತ ಒಂದು ಹಂತ ಇದೆ. ಪಾಠದ ಸಾಮಗ್ರಿಯನ್ನೇ ಅಧ್ಯಯನ ಮಾಡುವುದು ಅಂದುಕೊಳ್ಳಿ. ಬೇರೆ ಬೇರೆ ಪಠ್ಯಪುಸ್ತಕಗಳು ಇದೇ ವಿಷಯವನ್ನು ಹೇಗೆ ಶುರು ಮಾಡುತ್ತವೆ, ಹಿಂದಿನ ತರಗತಿಯಲ್ಲಿ ಏನು ಬಂದಿದೆ, ಮುಂದೆ ಎಲ್ಲಿಗೆ ಹೋಗುತ್ತದೆ, ಯಾವ ಸಂಖ್ಯೆ ಕೊಟ್ಟರೆ ಮಗು ಯಾವ ದಾರಿ ಹಿಡಿಯುತ್ತದೆ. ಅಲ್ಲಿ 1ನೇ ತರಗತಿಯ ಕಳೆಯುವ ಲೆಕ್ಕಕ್ಕೆ ಮೊದಲ ಪ್ರಶ್ನೆಯಾಗಿ 13 − 9 ಇರಬೇಕಾ 12 − 7 ಇರಬೇಕಾ ಅಂತ ಶಿಕ್ಷಕರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಕೇಳಿದರೆ ನಗು ಬರಬಹುದು. ಆದರೆ ಮಾಡಿ ನೋಡಿ.

13 − 9 ಕೊಟ್ಟರೆ ಮಗು ಹತ್ತರಲ್ಲಿ 9 ತೆಗೆದು, ಉಳಿದ 1ಕ್ಕೆ 3 ಸೇರಿಸಿ 4 ಅನ್ನುವುದು ಸುಲಭ. ಮೊದಲು ಕಳೆದು ಆಮೇಲೆ ಕೂಡುವ ದಾರಿ ಅದು. 11 − 2 ಕೊಟ್ಟರೆ ಮೊದಲು ಬಿಡಿಯಲ್ಲಿರುವ 1 ತೆಗೆದು, ಹತ್ತರಿಂದ ಇನ್ನೊಂದು ತೆಗೆದು 9 ಅನ್ನುತ್ತದೆ. ಕಳೆದು ಮತ್ತೆ ಕಳೆಯುವ ದಾರಿ. 12 − 7 ಕೊಟ್ಟರೆ ಒಂದೇ ತರಗತಿಯಲ್ಲಿ ಎರಡೂ ದಾರಿ ಬರುವ ಸಾಧ್ಯತೆ ಜಾಸ್ತಿ. ಮಕ್ಕಳ ಬಾಯಿಂದ ಎರಡೂ ಬರಬೇಕು, ಹೋಲಿಸಿ ಮಾತಾಡಬೇಕು ಅಂತಿದ್ದರೆ 12 − 7. ಒಂದೇ ದಾರಿ ಗಟ್ಟಿ ಮಾಡಬೇಕು ಅಂತಿದ್ದರೆ 13 − 9. ಸಂಖ್ಯೆ ಬದಲಾದರೆ ಪಾಠವೇ ಬದಲಾಗುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬ ಮೇಡಂ 31 − 29 ಇಡೋಣ ಅಂದರು. ಅವರ ವಾದ ಚೆನ್ನಾಗಿತ್ತು. ತಿರುಗಿಸಿ ಕಳೆಯುವ ಮಗುವಿಗೆ ಇಲ್ಲಿ 18 ಬರುತ್ತದೆ. 31 ಪೆನ್ಸಿಲ್‌ನಲ್ಲಿ 29 ಕೊಟ್ಟ ಮೇಲೆ 18 ಉಳಿಯುತ್ತಾ? ಎಂಥ ಮಗುವಿಗೂ ಇದು ವಿಚಿತ್ರ ಅನಿಸುತ್ತದೆ, ತಾನೇ ತಪ್ಪು ಹಿಡಿಯುತ್ತದೆ. ಇನ್ನೊಬ್ಬ ಸರ್ 42 − 17 ಅಂದರು, ಅದರ ಹೊಟ್ಟೆಯೊಳಗೆ ಅದೇ 12 − 7 ಕೂತಿದೆ ಅಂತ. ಕೊನೆಗೆ ಮೊದಲ ಸಲಕ್ಕೆ 31 − 29 ಅಂತ ತೀರ್ಮಾನವಾಯಿತು.

ಸಂದರ್ಭಕ್ಕೆ ಪೆನ್ಸಿಲ್ ಡಬ್ಬಿ. ಅಂಗಡಿಯಲ್ಲಿ ಸಿಗುವ ಡಬ್ಬಿಯಲ್ಲಿ 10 ಪೆನ್ಸಿಲ್ ಇರುತ್ತದೆ, ಹತ್ತರ ಗುಂಪು ಮಗುವಿಗೆ ಮೊದಲೇ ಗೊತ್ತಿರುವ ವಸ್ತು. ಖಾಲಿ ಡಬ್ಬಿ ಕೂಡಿಟ್ಟು ಅದರೊಳಗೆ ಪೊರಕೆ ಕಡ್ಡಿ ತುಂಡು ಮಾಡಿ ಹತ್ತತ್ತು ತುಂಬಿದೆವು. ಇಬ್ಬಿಬ್ಬರು ಮಕ್ಕಳಿಗೆ ಒಂದು ಸೆಟ್.

ಯೋಜನೆಯ ಕಾಗದ ಹೇಗಿರುತ್ತೆ? ನಮ್ಮ ಪಾಠ ಟಿಪ್ಪಣಿ ಥರಾನೇನಾ?

ಸ್ವಲ್ಪ ಬೇರೆ. ಪಾಠ ಟಿಪ್ಪಣಿಯಲ್ಲಿ ಶಿಕ್ಷಕರು ಏನು ಮಾಡುತ್ತಾರೆ ಅನ್ನುವುದು ಜಾಸ್ತಿ. ಇಲ್ಲಿ ಕಾಗದಕ್ಕೆ ಉದ್ದುದ್ದ ಮೂರು ಗೆರೆ ಎಳೆದು ನಾಲ್ಕು ಭಾಗ ಮಾಡಿ. ಮೊದಲನೆಯದರಲ್ಲಿ ನೀವು ಕೇಳುವ ಪ್ರಶ್ನೆ, ಯಾವ ಮಾತಲ್ಲಿ ಕೇಳುತ್ತೀರೋ ಅದೇ ಮಾತಲ್ಲಿ. ಎರಡನೆಯದರಲ್ಲಿ ಮಕ್ಕಳು ಕೊಡಬಹುದಾದ ಉತ್ತರಗಳು, ತಪ್ಪು ಉತ್ತರಗಳೂ ಸೇರಿ. ಮೂರನೆಯದರಲ್ಲಿ ಆ ಉತ್ತರ ಬಂದರೆ ನೀವು ಏನು ಹೇಳುತ್ತೀರಿ. ನಾಲ್ಕನೆಯದು ನೋಡುವವರಿಗೆ: ಈ ಹೊತ್ತಲ್ಲಿ ಯಾವುದನ್ನು ಗಮನಿಸಬೇಕು.

ಎರಡನೇ ಭಾಗ ಖಾಲಿ ಇದ್ದರೆ ಯೋಜನೆ ಆಗಿಲ್ಲ ಅಂತಲೇ ಅರ್ಥ. “ಮಕ್ಕಳು ಸರಿಯಾಗಿ ಉತ್ತರಿಸುವರು” ಅಂತ ಬರೆದಿದ್ದರೂ ಖಾಲಿ ಅಂತಲೇ ಲೆಕ್ಕ.

ನೋಡುವವರು ಏನು ನೋಡಬೇಕು?

ಮಕ್ಕಳನ್ನು. ಶಿಕ್ಷಕಿಯನ್ನಲ್ಲ. ಹೇಳೋಕೆ ಸುಲಭ, ಆದರೆ ನಮ್ಮ ಕಣ್ಣು ತಾನಾಗೇ ಕಪ್ಪು ಹಲಗೆ ಕಡೆ ಹೋಗುತ್ತದೆ, ಹಿಂದಿನ ಬೆಂಚಿನಲ್ಲಿ ಕೂತರಂತೂ ಮಕ್ಕಳ ಜಡೆ ಬಿಟ್ಟು ಇನ್ನೇನೂ ಕಾಣೋದಿಲ್ಲ. ಅದಕ್ಕೆ ಹಿಂದೆ ಕೂರಬೇಡಿ. ಗೋಡೆ ಪಕ್ಕ, ಸ್ಲೇಟು ಕಾಣುವ ಜಾಗದಲ್ಲಿ ಇರಿ. ಒಬ್ಬೊಬ್ಬರು ಎರಡು ಮೂರು ಮಕ್ಕಳನ್ನು ಮಾತ್ರ ಹಿಡಿಯಿರಿ, ಪಾಠ ಮುಗಿಯುವವರೆಗೂ ಅವರನ್ನೇ ನೋಡಿ. ಇಂಗ್ಲೆಂಡಿನಲ್ಲಿ ಬಳಕೆಯಲ್ಲಿರುವ ರೀತಿಯಲ್ಲಿ ಮೂರು ಮಕ್ಕಳನ್ನು ಮೊದಲೇ ಆರಿಸಿ, ಅವರು ಏನು ಮಾಡಬಹುದು ಅಂತ ಮುಂಚೆಯೇ ಬರೆದಿಟ್ಟಿರುತ್ತಾರೆ. ಇದು ನಮಗೂ ಒಗ್ಗಿತು.

ಸಹಾಯ ಮಾಡಬೇಡಿ. ಮಗು ತಪ್ಪು ಬರೆಯುತ್ತಿದ್ದರೆ ಕೈ ತುರಿಸುತ್ತದೆ, ಗೊತ್ತು. “ಇನ್ನೊಂದ್ಸಲ ನೋಡು ಪುಟ್ಟಾ” ಅಂದರೆ ಸಾಕು, ನೀವು ನೋಡೋಕೆ ಬಂದಿದ್ದು ಕೈತಪ್ಪಿ ಹೋಯಿತು.

ಕಂಡದ್ದನ್ನು ಕಂಡ ಹಾಗೇ ಬರೆಯಿರಿ. “ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು” ಅನ್ನುವ ವಾಕ್ಯದಿಂದ ಪಾಠ ತಿದ್ದೋಕೆ ಆಗೋದಿಲ್ಲ. ನಮ್ಮ ಮೊದಲ ಪಾಠದ ದಿನ ಒಬ್ಬರು ಬರೆದುಕೊಂಡಿದ್ದು ಹೀಗಿತ್ತು: “ಪ್ರಶ್ನೆ ಕೇಳಿದ ತಕ್ಷಣ ಹುಡುಗ ಬೆರಳು ಮಡಚಿ 30, 31 ಅಂದ. ಸ್ಲೇಟಿನಲ್ಲಿ 2 ಬರೆದ. ಡಬ್ಬಿ ಮುಟ್ಟಲಿಲ್ಲ. ಪಕ್ಕದ ಹುಡುಗಿ ಅವನನ್ನು ನೋಡಿ 2 ಬರೆದಳು. ಆಮೇಲೆ ಇಬ್ಬರೂ ಡಬ್ಬಿ ಒಂದರ ಮೇಲೊಂದು ಜೋಡಿಸುತ್ತಾ ಕೂತರು.” ಈ ನಾಲ್ಕೈದು ವಾಕ್ಯವೇ ಇಡೀ ಪಾಠದ ಕಥೆ ಹೇಳಿತು. ಇನ್ನೂ ಮೂರು ಜೋಡಿಗಳಲ್ಲಿ ಇದೇ ಆಗಿತ್ತು.

ಇಷ್ಟು ಜನ ಬಂದು ನಿಂತರೆ ಮಕ್ಕಳು ಗಾಬರಿ ಆಗಲ್ವಾ?

ಮೊದಲ ಐದು ನಿಮಿಷ ತಿರುಗಿ ತಿರುಗಿ ನೋಡುತ್ತಾರೆ. ಕೈಗೆ ಕೆಲಸ ಸಿಕ್ಕ ಮೇಲೆ ಮರೆತುಬಿಡುತ್ತಾರೆ. ಹಿಂದಿನ ದಿನವೇ “ನಾಳೆ ಟೀಚರ್‌ಗಳು ಬರ್ತಾರೆ, ನೀವು ಹೇಗೆ ಯೋಚನೆ ಮಾಡ್ತೀರಿ ಅಂತ ನೋಡೋಕೆ” ಅಂತ ಹೇಳಿಡಿ. ಆದರೆ ಅದೇ ಲೆಕ್ಕವನ್ನು ಹಿಂದಿನ ದಿನ ಅಭ್ಯಾಸ ಮಾಡಿಸಬೇಡಿ! ಮಾನ ಉಳಿಯಲಿ ಅಂತ ಕೆಲವರು ಮಾಡಿಸಿಬಿಡುತ್ತಾರೆ. ಆಗ ತರಗತಿ ನಾಟಕ ಆಗುತ್ತದೆ, ನೋಡಲು ಬಂದವರ ಪೀರಿಯಡ್ ದಂಡ.

ಪಾಠ ಮಾಡಿದವರಿಗೆ ಎಲ್ಲರ ಮುಂದೆ ಬೇಜಾರಾಗಲ್ವಾ?

ಆಗಬಹುದು, ಅದಕ್ಕೇ ಚರ್ಚೆಗೆ ಒಂದು ಕ್ರಮ ಇದೆ. ಪಾಠ ಮಾಡಿದವರು ಮೊದಲು ಮಾತಾಡುತ್ತಾರೆ: ಎಲ್ಲಿ ಅಂದುಕೊಂಡ ಹಾಗೆ ಆಯಿತು, ಎಲ್ಲಿ ಆಗಲಿಲ್ಲ. ಆಮೇಲೆ ನೋಡಿದವರು ಒಬ್ಬೊಬ್ಬರಾಗಿ ತಮ್ಮ ಮಕ್ಕಳು ಏನು ಮಾಡಿದರು ಅಂತ ಬರೆದದ್ದನ್ನು ಓದುತ್ತಾರೆ. ಸಲಹೆ ಕೊಡುವುದು ಅದಾದ ಮೇಲೆ. ಯಾರಾದರೂ “ಮೇಡಂ, ನೀವು ಇನ್ನೂ ಚೆನ್ನಾಗಿ ವಿವರಿಸಬಹುದಿತ್ತು” ಅಂತ ಶುರು ಮಾಡಿದರೆ “ಯಾವ ಮಗು ಏನು ಮಾಡಿದ್ದು ನೋಡಿ ಹಾಗನಿಸಿತು?” ಅಂತ ಕೇಳಿ. ಉತ್ತರ ಇದ್ದರೆ ಚರ್ಚೆ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಅವರೇ ಸುಮ್ಮನಾಗುತ್ತಾರೆ.

“ನಿಮ್ಮ ಪಾಠ” ಅನ್ನದೆ “ನಮ್ಮ ಪಾಠ” ಅನ್ನುವ ರೂಢಿಯೂ ಇಲ್ಲಿ ಬರೀ ಮರ್ಯಾದೆಗಲ್ಲ. 31 − 29 ಇಡೋಣ ಅಂದಿದ್ದು ಗುಂಪು, ಪಾಠ ಮಾಡಿದವರೊಬ್ಬರೇ ಅಲ್ಲ. ಲೆಕ್ಕ ಕೈಕೊಟ್ಟರೆ ನಾಲ್ಕೂ ಜನರದ್ದು. ಇನ್ನೊಂದು ವಿರುದ್ಧದ ಕಾಯಿಲೆ ಇದೆ, ನಮ್ಮಲ್ಲಿ ಅದೇ ಜಾಸ್ತಿ: “ತುಂಬಾ ಚೆನ್ನಾಗಿತ್ತು ಮೇಡಂ” ಅಂತ ಎಲ್ಲರೂ ಹೊಗಳಿ, ಟೀ ಕುಡಿದು ಎದ್ದು ಹೋಗುವುದು. ಬೈಗುಳಕ್ಕಿಂತ ಇದು ಕೆಟ್ಟದ್ದು.

ತಿದ್ದುವುದು ಅಂದರೆ ಏನು ತಿದ್ದುತ್ತೀರಿ? ನಿಮ್ಮ ಪಾಠದಲ್ಲಿ ಏನು ಬದಲಾಯಿತು?

ಮೊದಲ ಚರ್ಚೆಯಲ್ಲೇ ಸಂಖ್ಯೆ ಬದಲಾಯಿತು. 31 ಮತ್ತು 29 ತೀರಾ ಹತ್ತಿರ, ಮಕ್ಕಳು ಮುಂದಕ್ಕೆ ಎಣಿಸಿ ಎರಡೇ ಹೆಜ್ಜೆಗೆ ಉತ್ತರ ತಲುಪಿದರು. ಎಣಿಸಿದ್ದು ತಪ್ಪಲ್ಲ, ಅಲ್ಲಿ ಅದೇ ಜಾಣತನದ ದಾರಿ. ಆದರೆ ನಮಗೆ ಬೇಕಾಗಿದ್ದು ಡಬ್ಬಿ ಒಡೆಯುವ ಅನಿವಾರ್ಯತೆ, ಅದು ಬರಲೇ ಇಲ್ಲ. ಹಾಗಾಗಿ ಇನ್ನೊಂದು ಶಾಲೆಯಲ್ಲಿ ಬೇರೆಯವರು ಮಾಡುವಾಗ 42 − 17: ನಾಲ್ಕು ಡಬ್ಬಿ, ಎರಡು ಬಿಡಿ ಪೆನ್ಸಿಲ್, 17 ಮಕ್ಕಳಿಗೆ ಒಂದೊಂದು ಕೊಡಬೇಕು.

ಈ ಸಲ ಡಬ್ಬಿ ಒಡೆದರು. ಆದರೆ ಮೂರು ಥರ ಒಡೆದರು. ಕೆಲವರು ನಾಲ್ಕೂ ಡಬ್ಬಿ ನೆಲಕ್ಕೆ ಸುರಿದು 42 ಕಡ್ಡಿಯನ್ನೂ ಒಂದೊಂದೇ ಎಣಿಸಿದರು. ಕೆಲವರು ಒಂದು ಡಬ್ಬಿ ಇಡಿಯಾಗಿ ಕೊಟ್ಟು, ಎರಡು ಬಿಡಿ ಕೊಟ್ಟು, ಇನ್ನೊಂದು ಡಬ್ಬಿ ತೆಗೆದು ಅದರಿಂದ 5 ಕೊಟ್ಟರು. ಒಂದಿಬ್ಬರು ಡಬ್ಬಿ ತೆಗೆದು ಅದರಿಂದಲೇ 7 ಕೊಟ್ಟು, ಉಳಿದ 3ಕ್ಕೆ ಬಿಡಿ 2 ಸೇರಿಸಿದರು. ಜಪಾನಿನ ಎರಡು ದಾರಿ ಅಂತ ಮೇಲೆ ಹೇಳಿದ್ದೆನಲ್ಲ, ಎರಡೂ ಬಂದವು, ಯಾರೂ ಹೇಳಿಕೊಟ್ಟಿರಲಿಲ್ಲ.

ನಿಜವಾದ ಸುದ್ದಿ ಆಮೇಲೆ ಬಂತು. ಕಡ್ಡಿಯಲ್ಲಿ ಮಾಡಿದ್ದನ್ನು ಸ್ಲೇಟಿನಲ್ಲಿ ಬರೆಯಿರಿ ಅಂದಾಗ ನಾನು ನೋಡುತ್ತಿದ್ದ ಹುಡುಗಿ, ಎದುರಿಗೆ ಎರಡು ಡಬ್ಬಿ ಐದು ಕಡ್ಡಿ ಇಟ್ಟುಕೊಂಡೇ, ಒಂದರ ಕೆಳಗೊಂದು 42, 17 ಬರೆದು ಉತ್ತರ 35 ಅಂತ ಹಾಕಿದಳು. ಕಡ್ಡಿ ಕಡೆ ಒಮ್ಮೆ ನೋಡಿದಳು. ಸ್ಲೇಟು ಕಡೆ ನೋಡಿದಳು. ಎರಡನ್ನೂ ಹಾಗೇ ಬಿಟ್ಟಳು. ಅವಳಿಗೆ ಕಡ್ಡಿಯ ಉತ್ತರ ಬೇರೆ, ಸ್ಲೇಟಿನ ಉತ್ತರ ಬೇರೆ, ಎರಡೂ ಒಂದೇ ಆಗಿರಬೇಕು ಅಂತ ಯಾರೂ ಹೇಳಿಲ್ಲ.

ಚರ್ಚೆಯಲ್ಲಿ ಕಾರಣ ಹುಡುಕುತ್ತಾ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. ಕಡ್ಡಿ ಹಿಡಿದ ಮಕ್ಕಳಲ್ಲಿ ಹೆಚ್ಚಿನವರು ಹತ್ತರಿಂದ ಶುರು ಮಾಡಿದರು, ಮೊದಲು ಇಡೀ ಡಬ್ಬಿ ಕೊಟ್ಟರು. ಕೊಡುವಾಗ ನಾವೂ ಹಾಗೇ ಮಾಡುತ್ತೇವೆ ಅಲ್ವಾ, ದೊಡ್ಡ ನೋಟು ಮೊದಲು. ಸ್ಲೇಟಿನಲ್ಲಿ ಮಾತ್ರ ನಾವು ಬಿಡಿಯಿಂದ ಶುರು ಮಾಡಿಸುತ್ತೇವೆ. ಕೈ ಮಾಡಿದ ಕೆಲಸದ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಮಗು ಇದನ್ನು ಹೇಗೆ ಜೋಡಿಸಬೇಕು?

ಹಾಗಾಗಿ ತಿದ್ದಿದ್ದು ಎರಡೇ. ಒಂದು, ಪ್ರಶ್ನೆ. “ಎಷ್ಟು ಉಳಿಯಿತು?” ಅನ್ನುವುದಕ್ಕೆ ಮುಂಚೆ “ಕಡಿಮೆ ಅಂದ್ರೆ ಎಷ್ಟು ಡಬ್ಬಿ ಬಿಚ್ಚಿದರೆ ಸಾಕು?” ಅಂತ ಕೇಳುವುದು. ಸುರಿದು ಎಣಿಸುವವರು ಇದರಿಂದ ನಿಲ್ಲುತ್ತಾರೆ. ಎರಡು, ಕಪ್ಪು ಹಲಗೆ. ಎಡಗಡೆ ಡಬ್ಬಿಗಳ ಚಿತ್ರ, ಬಲಗಡೆ ಅಂಕಿ. ಒಂದು ಮಗು ಮುಂದೆ ಬಂದು ಡಬ್ಬಿ ಬಿಚ್ಚುವ ಕ್ಷಣಕ್ಕೇ ಎಡಗಡೆ ಒಂದು ಡಬ್ಬಿಯನ್ನು ಹೊಡೆದುಹಾಕಿ ಹತ್ತು ಗೆರೆ ಬರೆಯುವುದು, ಆಗಲೇ ಬಲಗಡೆ 4 ಹೊಡೆದು 3 ಮಾಡುವುದು, 2ರ ಜಾಗದಲ್ಲಿ 12. ಹಿಂದೆ ಇವೆರಡನ್ನೂ ಪಾಠದ ಬೇರೆ ಬೇರೆ ಹೊತ್ತಲ್ಲಿ ಮಾಡುತ್ತಿದ್ದೆವು, ನಡುವೆ ಅಂತರ ಇತ್ತು. “ಪಕ್ಕದ ಮನೆಯಿಂದ ಸಾಲ ತಗೋ” ಅನ್ನುವ ಮಾತನ್ನು ಪೂರ್ತಿ ಬಿಟ್ಟೆವು. ಸಾಲ ಅಂದರೆ ವಾಪಸ್ ಕೊಡಬೇಕಲ್ಲ, ಇಲ್ಲಿ ಯಾರೂ ಕೊಡೋದಿಲ್ಲ. ಡಬ್ಬಿ ಬಿಚ್ಚಿದೆವು ಅಂದರೆ ಆಯಿತು.

ಎರಡನೇ ಸಲ ಮಾಡಲೇಬೇಕಾ?

ಕಡ್ಡಾಯ ಇಲ್ಲ. ಹೊರದೇಶಗಳಲ್ಲಿ ಬರೆದ ಕೈಪಿಡಿಗಳಲ್ಲಿ ಮಾಡು, ತಿದ್ದು, ಮತ್ತೆ ಮಾಡು ಅಂತ ವೃತ್ತ ಬರೆದಿರುತ್ತಾರೆ, ಆದರೆ ಜಪಾನಿನಲ್ಲಿ ಎಷ್ಟೋ ಗುಂಪುಗಳು ಒಂದೇ ಸಲ ಪಾಠ ಮಾಡಿ, ಚರ್ಚೆ ಮಾಡಿ ಮುಗಿಸುತ್ತವೆ. ಕಲಿತದ್ದು ಮುಂದಿನ ಪಾಠಗಳಿಗೆ ಹೋಗುತ್ತದೆ. ಮಾಡುವುದಾದರೆ ಬೇರೆ ಮಕ್ಕಳ ಜೊತೆ ಮಾಡಿ, ಉತ್ತರ ಗೊತ್ತಾದ ಅದೇ ಮಕ್ಕಳ ಜೊತೆ ಅಲ್ಲ. ಒಂದು ತರಗತಿಗೆ ಒಂದೇ ವಿಭಾಗ ಇರುವ ನಮ್ಮ ಶಾಲೆಗಳಲ್ಲಿ ಬೇರೆ ಶಾಲೆಯೇ ಗತಿ.

ಹೊಳಪು ಬರಲಿ ಅಂತ ಮೂರು ನಾಲ್ಕು ಸಲ ತಿಕ್ಕುವುದು ಬೇಡ. ಜಗತ್ತಿನ ಅತ್ಯುತ್ತಮ 42 − 17 ಪಾಠ ಮಾಡಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಹೊರಗಿನ ಪರಿಣತರು ಬೇಕೇ ಬೇಕಾ?

ಇದ್ದರೆ ಒಳ್ಳೆಯದು. ಜಪಾನಿನಲ್ಲಿ ಚರ್ಚೆಯ ಕೊನೆಗೆ ಮಾತಾಡಲು ವಿಷಯ ಬಲ್ಲ ಒಬ್ಬರನ್ನು ಕರೆಯುತ್ತಾರೆ. ಅನುಭವಿ ಶಿಕ್ಷಕರೋ ವಿಶ್ವವಿದ್ಯಾಲಯದವರೋ ಆಗಿರುತ್ತಾರೆ. ಮೊದಲು ಮಾತಾಡಿದರೆ ಉಳಿದವರ ಬಾಯಿ ಕಟ್ಟುತ್ತದೆ ಅಂತಲೇ ಕೊನೆಗೆ ಇಡುವುದು. ನಮ್ಮಲ್ಲಿ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನ ಗಣಿತ ಉಪನ್ಯಾಸಕರನ್ನು ಕೇಳಬಹುದು, ಅಥವಾ ಬೇರೆ ಶಾಲೆಯ ಗಣಿತ ಬಲ್ಲ ಹಿರಿಯರೊಬ್ಬರನ್ನು. ಪದವಿ ಮುಖ್ಯ ಅಲ್ಲ. ಮಕ್ಕಳ ಸ್ಲೇಟು ಓದಬಲ್ಲವರು ಬೇಕು. ಹಾರ, ಶಾಲು, ಭಾಷಣ ಶುರುವಾದರೆ ಚರ್ಚೆಯ ಗಂಟೆ ಅದರಲ್ಲೇ ಮುಗಿಯುತ್ತದೆ.

ವಿಡಿಯೋ ಮಾಡಿಟ್ಟು ಆಮೇಲೆ ನೋಡಿದರೆ ಸಾಲದಾ?

ಮೊಬೈಲ್ ಶಿಕ್ಷಕಿಯನ್ನು ತೋರಿಸುತ್ತದೆ, ಸ್ಲೇಟನ್ನಲ್ಲ. ಬರಲು ಆಗದವರಿಗೆ ಸರಿ. ಅದರ ಬದಲು ಪಾಠ ಮುಗಿದ ತಕ್ಷಣ, ಅಳಿಸುವ ಮುಂಚೆ, ಎಲ್ಲ ಸ್ಲೇಟಿನ ಮತ್ತು ಕಪ್ಪು ಹಲಗೆಯ ಫೋಟೋ ತೆಗೆಯಿರಿ, ಚರ್ಚೆಗೆ ಅದು ಹತ್ತು ಪಟ್ಟು ಉಪಯೋಗ. ಮಕ್ಕಳ ಮುಖ ಬರುವ ಫೋಟೋ ಗುಂಪುಗಳಿಗೆ ಕಳಿಸಬೇಡಿ.

ಇದರಿಂದ ಮಕ್ಕಳ ಕಲಿಕೆ ಜಾಸ್ತಿ ಆಗುತ್ತೆ ಅನ್ನೋಕೆ ಪುರಾವೆ ಇದೆಯಾ?

ಎರಡೂ ಕಡೆಯ ಪುರಾವೆ ಇದೆ. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಸುಮಾರು 180 ಪ್ರಾಥಮಿಕ ಶಾಲೆಗಳಲ್ಲಿ ದೊಡ್ಡ ಪ್ರಯೋಗ ಮಾಡಿಸಿ 2017ರಲ್ಲಿ ವರದಿ ಹೊರತಂದಿತು. ಓದು ಮತ್ತು ಗಣಿತದ ಪರೀಕ್ಷೆಯಲ್ಲಿ ಲೆಸನ್ ಸ್ಟಡಿ ಮಾಡಿದ ಶಾಲೆಗಳು ಉಳಿದವಕ್ಕಿಂತ ಮುಂದೆ ಹೋಗಲಿಲ್ಲ. ಅದೇ 2017ರಲ್ಲಿ ಅಮೆರಿಕದ ಕ್ಯಾಥರೀನ್ ಲೂಯಿಸ್ ಮತ್ತು ರೆಬೆಕಾ ಪೆರ್ರಿ ತಮ್ಮ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಶಿಕ್ಷಕರ ಗುಂಪುಗಳು ಭಿನ್ನರಾಶಿಯ ಮೇಲೆ ಲೆಸನ್ ಸ್ಟಡಿ ಮಾಡಿದ್ದವು. ಶಿಕ್ಷಕರ ತಿಳುವಳಿಕೆಯೂ ಮಕ್ಕಳ ಕಲಿಕೆಯೂ ಹೆಚ್ಚಿತ್ತು.

ಎರಡಕ್ಕೂ ವ್ಯತ್ಯಾಸ ಏನು ಅಂತ ಕೇಳಿದರೆ, ನನ್ನ ಓದಿನ ಪ್ರಕಾರ ಒಂದು ಮುಖ್ಯ. ಅಮೆರಿಕದ ಪ್ರಯೋಗದಲ್ಲಿ ಗುಂಪುಗಳ ಕೈಗೆ ಭಿನ್ನರಾಶಿಯ ಬಗ್ಗೆ ಒಳ್ಳೆಯ ಸಾಮಗ್ರಿಯ ಕಟ್ಟು ಕೊಟ್ಟಿದ್ದರು: ಬಿಡಿಸಿ ನೋಡಬೇಕಾದ ಲೆಕ್ಕಗಳು, ಮಕ್ಕಳು ಎಲ್ಲಿ ತಪ್ಪುತ್ತಾರೆ ಅನ್ನುವ ಮಾಹಿತಿ, ಜಪಾನಿನ ಪಠ್ಯದ ಭಾಗ. ಅಂದರೆ ಯೋಜನೆಗೆ ಮುಂಚಿನ ಆ ಅಧ್ಯಯನಕ್ಕೆ ಅವರಿಗೆ ಆಹಾರ ಸಿಕ್ಕಿತ್ತು. ನಾಲ್ಕು ಜನ ಸೇರಿದ ಮಾತ್ರಕ್ಕೆ ಗಣಿತ ಬರೋದಿಲ್ಲ. ನಾಲ್ವರಿಗೂ 12 − 7ರ ಎರಡು ದಾರಿ ಗೊತ್ತಿಲ್ಲದಿದ್ದರೆ ತರಗತಿಯಲ್ಲಿ ಅದು ಕಣ್ಣೆದುರೇ ನಡೆದರೂ ಕಾಣುವುದಿಲ್ಲ.

ಎಲ್ಲಿ ಕೆಡುತ್ತದೆ? ಕೆಡುತ್ತಿದೆ ಅಂತ ಗೊತ್ತಾಗೋದು ಹೇಗೆ?

ಮೂರು ಲಕ್ಷಣ ನೋಡಿ. ಯೋಜನೆ ಸಭೆಯಲ್ಲಿ ಚಾರ್ಟು, ಬಣ್ಣದ ಕಾಗದ, ಹಾಡಿನ ಬಗ್ಗೆಯೇ ಮಾತು ನಡೆಯುತ್ತಿದ್ದರೆ, ಇನ್ನೂ ಯಾರೂ ಲೆಕ್ಕವನ್ನು ತಾವೇ ಬಿಡಿಸಿ ನೋಡಿಲ್ಲದಿದ್ದರೆ, ಅದು ಡೆಮೋ ಪಾಠದ ಕಡೆ ಹೊರಟಿದೆ. ಚರ್ಚೆಯಲ್ಲಿ ಅರ್ಧ ಗಂಟೆ ಕಳೆದರೂ ಒಂದು ಮಗುವಿನ ಕೆಲಸವೂ ಮಾತಿಗೆ ಬಂದಿಲ್ಲದಿದ್ದರೆ, ನೋಡಿದವರು ಬೇರೇನೋ ನೋಡಿದ್ದಾರೆ. ಮೂರನೆಯದು ಮೇಲಿನಿಂದ ಬರುತ್ತದೆ: “ಪ್ರತಿ ಶಾಲೆ ತಿಂಗಳಿಗೆ ಒಂದು ಮಾಡಿ ವರದಿ, ಫೋಟೋ ಕಳಿಸಿ” ಅಂತ ಆದೇಶ ಆದ ದಿನ ಫೋಟೋ ಬರುತ್ತದೆ, ಪಾಠ ಬರೋದಿಲ್ಲ.

ಕೊನೆಗೆ ಏನು ಬರೆದಿಡಬೇಕು?

ಎರಡು ಪುಟ ಸಾಕು. ತಿದ್ದಿದ ಯೋಜನೆ, ಅದರ ಪಕ್ಕದಲ್ಲಿ ಯಾವುದನ್ನು ಯಾಕೆ ಬದಲಿಸಿದೆವು ಅನ್ನುವ ಒಂದೊಂದು ಸಾಲು, ಎರಡು ಮೂರು ಸ್ಲೇಟಿನ ಫೋಟೋ. “31 − 29 ಬೇಡ, ಮುಂದಕ್ಕೆ ಎಣಿಸಿಬಿಡುತ್ತಾರೆ” ಅನ್ನುವ ಸಾಲು ಮುಂದಿನ ವರ್ಷ 3ನೇ ತರಗತಿ ತೆಗೆದುಕೊಳ್ಳುವವರಿಗೆ ಒಂದು ಸಭೆ ಉಳಿಸುತ್ತದೆ. ಆದರೆ ಪಕ್ಕದಲ್ಲೇ ಇದನ್ನೂ ಬರೆಯಿರಿ: ಮುಂದಕ್ಕೆ ಎಣಿಸಿ ಕಳೆಯುವ ದಾರಿಯನ್ನೇ ಕಲಿಸಬೇಕಾದ ದಿನ ಆ ಲೆಕ್ಕವೇ ಸರಿ. ನಮ್ಮ ಗುಂಪಿನ ಮುಂದಿನ ಸುತ್ತಿಗೆ ಅದನ್ನೇ ಆರಿಸಿಕೊಂಡಿದ್ದೇವೆ, ಕಡ್ಡಿ ಬದಲು ಚಿಲ್ಲರೆ ವಾಪಸ್ ಕೊಡುವ ಅಂಗಡಿ ಆಟ ಇಟ್ಟು. ಮೊದಲ ಪ್ರಶ್ನೆಗೆ 50 ರೂಪಾಯಿ ಕೊಟ್ಟು 47ರದ್ದು ತಗೊಳ್ಳಬೇಕಾ, 38ರದ್ದಾ ಅಂತ ಇನ್ನೂ ತೀರ್ಮಾನ ಆಗಿಲ್ಲ.